ಬ್ಯಾಲೆನ್ಸ್ ಶೀಟ್ ತಾಳೆಯಾಗಿದೆ, ಪಾಲುದಾರರ ಹಂಚಿಕೆ ಸರಿಯಿದೆಯೇ?

ಬಂದರು ರಸ್ತೆ:
ಮಲ್ಪೆಯಲ್ಲಿ ನಮ್ಮದು ಬಲೆ, ಹಗ್ಗ ಮತ್ತು ಬೋಟಿನ ಸಾಮಾನುಗಳ ಅಂಗಡಿ. ದೊಡ್ಡಪ್ಪ, ಅಪ್ಪ ಮತ್ತು ಸೋದರಮಾವ ಮೂವರು ಪಾಲುದಾರರು. ಲಾಭ ನಷ್ಟದ ಪಾಲು 5:3:2. ಈಗ ಟ್ರಾಲಿಂಗ್ ನಿಷೇಧದ ತಿಂಗಳಾದ ಕಾರಣ ಅಂಗಡಿಯಲ್ಲಿ ಕೆಲಸ ಕಡಿಮೆ. 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕಪತ್ರ ಬಂದಿದ್ದು, ಸಹಿ ಹಾಕುವ ಮೊದಲು ಒಮ್ಮೆ ನೋಡು ಎಂದು ಅಪ್ಪ ನನ್ನ ಕೈಗೆ ಕೊಟ್ಟಿದ್ದಾರೆ. ನಾನು ಬಿ.ಕಾಂ. ಓದಿ ಹಲವು ವರ್ಷಗಳಾದವು, ಈಗ ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಪಾಲುದಾರಿಕೆ ಪತ್ರದಲ್ಲಿ ಇರುವುದು ಇಷ್ಟು. ಬಂಡವಾಳಕ್ಕೆ ವರ್ಷಕ್ಕೆ ಶೇ. 12 ಬಡ್ಡಿ. ಡ್ರಾಯಿಂಗ್ಸ್ ಮೇಲೆ ಶೇ. 6 ಬಡ್ಡಿ ವಸೂಲಿ. ಅಂಗಡಿಯಲ್ಲಿ ಪೂರ್ಣಾವಧಿ ಕುಳಿತುಕೊಳ್ಳುವ ಮಾವನಿಗೆ 2024ರ ಏಪ್ರಿಲ್ 1ರಿಂದ ತಿಂಗಳಿಗೆ 20,000 ರೂಪಾಯಿ ಸಂಬಳ. ಸಂಬಳದ ಮಾತು ಹೊಸದು, ಅದಕ್ಕೆಂದೇ ಪೂರಕ ಪತ್ರ ಮಾಡಿಸಿದ್ದಾರೆ.

ಲೆಕ್ಕಿಗರು ಕೊಟ್ಟ ಹಂಚಿಕೆ ಖಾತೆ ಹೀಗಿದೆ:

ಲಾಭ ನಷ್ಟ ಖಾತೆಯಿಂದ ಬಂದ ನಿವ್ವಳ ಲಾಭ 8,90,500
ಡ್ರಾಯಿಂಗ್ಸ್ ಮೇಲಿನ ಬಡ್ಡಿ ಸೇರಿಸಿದ್ದು 13,500
ಬಂಡವಾಳದ ಬಡ್ಡಿ ಕಳೆದದ್ದು 2,54,400
ಮಾವನ ಸಂಬಳ ಕಳೆದದ್ದು 2,40,000
ಹಂಚಲು ಉಳಿದ ಲಾಭ 4,09,600

ವರ್ಷದ ಆರಂಭದಲ್ಲಿ ದೊಡ್ಡಪ್ಪನ ಬಂಡವಾಳ 12 ಲಕ್ಷ, ಅಪ್ಪನದು 8 ಲಕ್ಷ, ಮಾವನದು 4 ಲಕ್ಷ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುವಾಗ ಹೊಸ ಬಲೆಯ ದಾಸ್ತಾನಿಗೆಂದು ಅಪ್ಪ ಇನ್ನೂ 2 ಲಕ್ಷ ಹಾಕಿದ್ದರು. ಆದರೂ ಅವರಿಗೆ ಬಡ್ಡಿ ಬಂದಿರುವುದು 1,05,600 ಮಾತ್ರ. ಕಡಿಮೆಯಾಯಿತು ಎಂದು ನನಗೆ ಅನಿಸುತ್ತದೆ. ಆದರೆ ಬ್ಯಾಲೆನ್ಸ್ ಶೀಟ್ ಒಂದು ರೂಪಾಯಿಯೂ ತಪ್ಪದೆ ತಾಳೆಯಾಗಿದೆ. ಎಲ್ಲಿಂದ ಪರಿಶೀಲಿಸಬೇಕು?

ವಾಣಿಜ್ಯ ವಿಭಾಗ:
ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ಬಂಡವಾಳದ ಬಡ್ಡಿಯನ್ನು ಆರಂಭದ ಶಿಲ್ಕಿನ ಮೇಲೆ ಲೆಕ್ಕ ಹಾಕಬೇಕು. 8 ಲಕ್ಷಕ್ಕೆ ಶೇ. 12 ಎಂದರೆ 96,000. ನಿಮ್ಮ ತಂದೆಯವರಿಗೆ 9,600 ರೂಪಾಯಿ ಹೆಚ್ಚೇ ಬಂದಿದೆ.

ಜಮಾ ಖರ್ಚು:
ಆರಂಭದ ಶಿಲ್ಕು ಎಂಬವರೆಗೆ ನೀವು ಹೇಳಿದ್ದು ಸರಿ. ಆದರೆ ನಡುವೆ ಹಾಕಿದ ಬಂಡವಾಳಕ್ಕೂ ಹಾಕಿದ ದಿನದಿಂದ ಬಡ್ಡಿ ಓಡುತ್ತದೆ. 2 ಲಕ್ಷಕ್ಕೆ ಆಗಸ್ಟ್‌ನಿಂದ ಮಾರ್ಚ್‌ವರೆಗೆ ಎಂಟು ತಿಂಗಳು, ಅಂದರೆ 16,000. ಎರಡೂ ಸೇರಿದರೆ 1,12,000.

ಬಂದರು ರಸ್ತೆ ಅವರೇ, ಇಂಥ ಪರಿಶೀಲನೆಯಲ್ಲಿ ನಾನು ಮೊದಲು ಮಾಡುವ ಕೆಲಸವೆಂದರೆ ಬಡ್ಡಿಯಿಂದ ಅಸಲಿಗೆ ಹಿಂದೆ ನಡೆಯುವುದು. ಲೆಕ್ಕಿಗರು ತೋರಿಸಿದ ಬಡ್ಡಿಯನ್ನು 12ರಿಂದ ಭಾಗಿಸಿ ನೂರರಿಂದ ಗುಣಿಸಿದರೆ, ಅವರು ಯಾವ ಮೊತ್ತವನ್ನು ಅಸಲು ಎಂದು ಹಿಡಿದಿದ್ದಾರೆ ಎಂಬುದು ತಾನಾಗಿ ಹೊರಬೀಳುತ್ತದೆ. 1,05,600ಕ್ಕೆ ಬರುವ ಅಸಲು 8,80,000. ನಿಮ್ಮ ತಂದೆಯವರ 8 ಲಕ್ಷ ಮತ್ತು ಹೊಸ 2 ಲಕ್ಷ ಸೇರಿಸಿ 1,20,000 ಕಳೆದರೆ ಸರಿಯಾಗಿ ಇದೇ ಅಂಕಿ. ಅವರ ವರ್ಷದ ಡ್ರಾಯಿಂಗ್ಸ್ 1,20,000 ತಾನೇ?

ಬಂದರು ರಸ್ತೆ:
ಹೌದು ಸರ್. ತಿಂಗಳಿಗೆ 10,000ದಂತೆ ಮನೆ ಖರ್ಚಿಗೆ ತೆಗೆದಿದ್ದಾರೆ. ದೊಡ್ಡಪ್ಪ ಅಕ್ಟೋಬರ್ 1ರಂದು ಒಂದೇ ಸಲ 3 ಲಕ್ಷ ತೆಗೆದಿದ್ದಾರೆ, ಮಾವ ಡಿಸೆಂಬರ್ 1ರಂದು 60,000. ನೀವು ಹೇಳಿದಂತೆ ಉಳಿದಿಬ್ಬರದನ್ನೂ ಹಿಂದಕ್ಕೆ ಲೆಕ್ಕ ಹಾಕಿದೆ. ದೊಡ್ಡಪ್ಪನ ಬಡ್ಡಿ 1,08,000ಕ್ಕೆ ಅಸಲು 9 ಲಕ್ಷ. ಮಾವನ 40,800ಕ್ಕೆ 3,40,000. ಇಬ್ಬರಲ್ಲೂ ಡ್ರಾಯಿಂಗ್ಸ್ ಕಳೆದ ಮೊತ್ತವೇ ಬಂತು.

ಕುಂದಾಪುರದ ವ್ಯಾಪಾರಿ:
ಅದರಲ್ಲಿ ತಪ್ಪೇನು? ತೆಗೆದುಕೊಂಡು ಹೋದ ಹಣ ವ್ಯಾಪಾರದಲ್ಲಿ ಇಲ್ಲವಲ್ಲ. ಇಲ್ಲದ ಹಣಕ್ಕೆ ಬಡ್ಡಿ ಕೊಡುವುದು ಯಾವ ನ್ಯಾಯ? ನಮ್ಮ ಅಂಗಡಿಯಲ್ಲೂ ಡ್ರಾಯಿಂಗ್ಸ್ ಕಳೆದೇ ಬಡ್ಡಿ ಹಾಕುತ್ತೇವೆ.

ಜಮಾ ಖರ್ಚು:
ನ್ಯಾಯದ ಮಾತು ಅರ್ಧ ನಿಮ್ಮ ಕಡೆಗಿದೆ. ಆದರೆ ದೊಡ್ಡಪ್ಪನವರ 3 ಲಕ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿಯಲ್ಲೇ ದುಡಿದಿದೆ. ಮಾರ್ಚ್ 31ರ ಶಿಲ್ಕಿನ ಮೇಲೆ ಇಡೀ ವರ್ಷದ ಬಡ್ಡಿ ಹಾಕಿದರೆ ಆ ಆರು ತಿಂಗಳ ಬಡ್ಡಿಯೂ ಮಾಯವಾಗುತ್ತದೆ. ನಿಮ್ಮ ದಾರಿಯಲ್ಲೇ ಹೋಗುವುದಾದರೂ ದಿನದ ಶಿಲ್ಕು ಹಿಡಿದು ಲೆಕ್ಕ ಹಾಕಬೇಕು, ವರ್ಷಾಂತ್ಯದ ಶಿಲ್ಕನ್ನಲ್ಲ.

ನಿಮಗೊಂದು ಪ್ರಶ್ನೆ. ಡ್ರಾಯಿಂಗ್ಸ್ ಕಳೆದು ಬಡ್ಡಿ ಕೊಟ್ಟ ಮೇಲೆ, ಅದೇ ಡ್ರಾಯಿಂಗ್ಸ್ ಮೇಲೆ ಬೇರೆ ಬಡ್ಡಿಯನ್ನೂ ವಸೂಲು ಮಾಡುತ್ತೀರಾ?

ಕುಂದಾಪುರದ ವ್ಯಾಪಾರಿ:
ಇಲ್ಲ, ಅದು ನಮ್ಮ ಪತ್ರದಲ್ಲಿ ಇಲ್ಲ.

ಜಮಾ ಖರ್ಚು:
ಅಲ್ಲಿದೆ ವ್ಯತ್ಯಾಸ. ಇವರ ಪತ್ರದಲ್ಲಿ ಡ್ರಾಯಿಂಗ್ಸ್‌ಗೆ ಶೇ. 6 ಬಡ್ಡಿ ಪ್ರತ್ಯೇಕವಾಗಿ ಇದೆ, ಲೆಕ್ಕಿಗರು 13,500 ಹಾಕಿಯೂ ಇದ್ದಾರೆ. ತೆಗೆದ ಹಣಕ್ಕೆ ದಂಡ ಅಲ್ಲಿ ಬಿದ್ದಾಗಿದೆ. ಹಾಗಿರುವಾಗ ಅಸಲಿನಿಂದಲೂ ಕಳೆದರೆ ಒಂದೇ ಹಣಕ್ಕೆ ಎರಡು ಸಲ ಪೆಟ್ಟು. ಡ್ರಾಯಿಂಗ್ಸ್‌ಗೆ ಬೇರೆ ಬಡ್ಡಿ ಇರುವ ಪತ್ರದಲ್ಲಿ ಬಂಡವಾಳದ ಬಡ್ಡಿ ಆರಂಭದ ಶಿಲ್ಕು ಮತ್ತು ಹೊಸದಾಗಿ ಹಾಕಿದ್ದರ ಮೇಲೆ ನಿಲ್ಲುವುದೇ ಸರಿಯಾದ ಓದು. ಆಗ ದೊಡ್ಡಪ್ಪನವರಿಗೆ 1,44,000, ತಂದೆಯವರಿಗೆ 1,12,000, ಮಾವನವರಿಗೆ 48,000. ಒಟ್ಟು 3,04,000. ಲೆಕ್ಕಿಗರದ್ದಕ್ಕಿಂತ 49,600 ಹೆಚ್ಚು.

13,500 ಹೇಗೆ ಬಂತು ಎಂಬುದನ್ನೂ ನೋಡಿಬಿಡೋಣ. ತಂದೆಯವರು ಹಣ ತೆಗೆಯುವುದು ತಿಂಗಳ ಯಾವ ದಿನ?

ಬಂದರು ರಸ್ತೆ:
ವೋಚರುಗಳೆಲ್ಲ ತಿಂಗಳ ಕೊನೆಯ ದಿನದವು. ಅಪ್ಪನ ಹೆಸರಿನಲ್ಲಿ ಬಡ್ಡಿ 3,300, ದೊಡ್ಡಪ್ಪನದು 9,000, ಮಾವನದು 1,200 ಹಾಕಿದ್ದಾರೆ.

ವಾಣಿಜ್ಯ ವಿಭಾಗ:
ಇದು ನನಗೆ ಗೊತ್ತು. ತಿಂಗಳ ಕೊನೆಗೆ ತೆಗೆದರೆ ಐದೂವರೆ ತಿಂಗಳು, ಮೊದಲ ದಿನ ತೆಗೆದರೆ ಆರೂವರೆ ತಿಂಗಳು. 1,20,000ಕ್ಕೆ ಶೇ. 6ರಂತೆ ಐದೂವರೆ ತಿಂಗಳಿಗೆ 3,300 ಸರಿಯಾಗಿದೆ.

ಜಮಾ ಖರ್ಚು:
ಸರಿಯಾಗಿದೆ. ಆ ಐದೂವರೆ ಎಲ್ಲಿಂದ ಬಂತು ಎಂದು ತಿಳಿದಿರಲಿ, ಏಕೆಂದರೆ ಒಂದು ತಿಂಗಳು ತಪ್ಪಿದರೂ ಈ ಸೂತ್ರ ಕೈಕೊಡುತ್ತದೆ. ಏಪ್ರಿಲ್ ಕೊನೆಗೆ ತೆಗೆದ ಹತ್ತು ಸಾವಿರ ಹನ್ನೊಂದು ತಿಂಗಳು ಹೊರಗಿರುತ್ತದೆ, ಮೇ ತಿಂಗಳದ್ದು ಹತ್ತು, ಹೀಗೆ ಇಳಿಯುತ್ತ ಮಾರ್ಚ್ ಕೊನೆಯದ್ದು ಸೊನ್ನೆ. ಎಲ್ಲ ಕೂಡಿದರೆ 66. ಹತ್ತು ಸಾವಿರವನ್ನು 66ರಿಂದ ಗುಣಿಸಿದರೆ 6,60,000. ಅದಕ್ಕೆ ಒಂದು ತಿಂಗಳ ಬಡ್ಡಿ, ಅಂದರೆ ಶೇ. ಅರ್ಧ, 3,300. ಮೊತ್ತವೂ ದಿನಾಂಕವೂ ಏರುಪೇರಾಗಿದ್ದರೆ ಹೀಗೆಯೇ ಒಂದೊಂದನ್ನೂ ಗುಣಿಸಿ ಕೂಡಬೇಕು. ಉಳಿದ ಎರಡೂ ಸರಿ ಇವೆ: 3 ಲಕ್ಷಕ್ಕೆ ಆರು ತಿಂಗಳು 9,000, 60,000ಕ್ಕೆ ನಾಲ್ಕು ತಿಂಗಳು 1,200.

ಮಂಗಳೂರು ಬಂದರ್:
ನನ್ನದೂ ಇದೇ ಪ್ರಶ್ನೆ. ನಾನು ಮತ್ತು ನನ್ನ ತಮ್ಮ ಕೂಡಿ ದಿನಸಿ ಸಗಟು ವ್ಯಾಪಾರ ಮಾಡುತ್ತಿದ್ದೇವೆ. ಬಂಡವಾಳದಲ್ಲಿ ಮುಕ್ಕಾಲು ಭಾಗ ನನ್ನದು. ಹೋದ ವರ್ಷ ನಷ್ಟವಾಯಿತು. ನಷ್ಟವಾದರೂ ನನ್ನ ಬಂಡವಾಳಕ್ಕೆ ಬಡ್ಡಿ ಹಾಕಬೇಕು, ಆಗ ನಷ್ಟ ಹೆಚ್ಚಾಗಿ ತಮ್ಮನ ಪಾಲಿಗೂ ಬರುತ್ತದೆ ಎಂದು ನನ್ನ ವಾದ. ನಮ್ಮಲ್ಲಿ ಬರವಣಿಗೆಯ ಪತ್ರ ಇಲ್ಲ, ಬಾಯಿಮಾತು ಮಾತ್ರ. ಇವರಿಗೆ ಶೇ. 12 ಸಿಗುವುದಾದರೆ ನನಗೂ ಸಿಗಬೇಕಲ್ಲವೇ?

ಜಮಾ ಖರ್ಚು:
ನಿಮ್ಮದು ಬೇರೆಯೇ ಪ್ರಶ್ನೆ. ಇವರ ಪತ್ರದಲ್ಲಿ ಶೇ. 12 ಬರೆದಿದೆ. ಬಡ್ಡಿಯ ಮಾತೇ ಆಗಿಲ್ಲವಾದರೆ ಬಂಡವಾಳಕ್ಕೆ ಬಡ್ಡಿ ಇಲ್ಲ, ದುಡಿಮೆಗೆ ಸಂಬಳವೂ ಇಲ್ಲ, ಲಾಭ ನಷ್ಟ ಸಮಪಾಲು. 1932ರ ಪಾಲುದಾರಿಕೆ ಕಾಯಿದೆಯ 13ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಬಡ್ಡಿಯ ಮಾತು ಆಗಿದ್ದರೂ ಅದು ಲಾಭದಿಂದ ಮಾತ್ರ ಸಲ್ಲುತ್ತದೆ. ನಷ್ಟದ ವರ್ಷದಲ್ಲಿ ಅದನ್ನು ಹಾಕಿ ತಮ್ಮನ ಮೇಲೆ ಹೊರಿಸಲು ಬರುವುದಿಲ್ಲ.

ಆದರೆ ಬಂಡವಾಳದ ಆಚೆಗೆ ಸಂಸ್ಥೆಗೆ ಮುಂಗಡವಾಗಿ ಕೊಟ್ಟ ಹಣವಿದ್ದರೆ ಅದಕ್ಕೆ ಅದೇ ಕಲಮಿನಂತೆ ಶೇ. 6 ಬಡ್ಡಿಯ ಹಕ್ಕಿದೆ. ನಿಮ್ಮ ಮುಕ್ಕಾಲು ಭಾಗದಲ್ಲಿ ಯಾವುದು ಬಂಡವಾಳ, ಯಾವುದು ಕೈಸಾಲ ಎಂದು ಪುಸ್ತಕದಲ್ಲಿ ಬೇರ್ಪಡಿಸಿದ್ದೀರಾ ನೋಡಿ.

ಮಂಗಳೂರು ಬಂದರ್:
ಎಲ್ಲವೂ ಒಂದೇ ಖಾತೆಯಲ್ಲಿದೆ. ತಮ್ಮ ಬಾಯಿಮಾತಿನಲ್ಲಿ ಬಡ್ಡಿ ಒಪ್ಪಿದ್ದ ಎಂದು ನನಗೆ ನೆನಪಿದೆ, ಅವನಿಗೆ ನೆನಪಿಲ್ಲ. ಇದು ಇಲ್ಲಿ ಮುಗಿಯುವ ಮಾತಲ್ಲ, ಬೇರೆ ಚರ್ಚೆ ತೆರೆಯುತ್ತೇನೆ.

ಜಮಾ ಖರ್ಚು:
ಬಂದರು ರಸ್ತೆ ಅವರೇ, ಬಡ್ಡಿಗಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಮಾವನವರ ಸಂಬಳ. ಅವರ ಡ್ರಾಯಿಂಗ್ಸ್ ಇಡೀ ವರ್ಷಕ್ಕೆ ಬರೇ 60,000 ಎನ್ನುತ್ತೀರಿ. ಅಂಗಡಿಯಲ್ಲೇ ದಿನವಿಡೀ ಕುಳಿತು, ಅದರಿಂದಲೇ ಸಂಸಾರ ನಡೆಸುವವರು 60,000ದಲ್ಲಿ ವರ್ಷ ಕಳೆದರೇ? ತಿಂಗಳ ಸಂಬಳವನ್ನು ಅವರು ಕೈಯಲ್ಲಿ ಪಡೆಯುತ್ತಾರೆಯೇ? ಪಡೆಯುತ್ತಿದ್ದರೆ ಆ ಹಣ ಯಾವ ಖಾತೆಗೆ ಖರ್ಚು ಬಿದ್ದಿದೆ? ಟ್ಯಾಲಿಯಲ್ಲಿ ಸಂಬಳದ ಲೆಡ್ಜರನ್ನು ತೆರೆದು ತಿಂಗಳ ಕೊನೆಯ ನಮೂದುಗಳನ್ನು ಒಂದೊಂದಾಗಿ ನೋಡಿ. ಮಾವನವರ ಬಂಡವಾಳ ಖಾತೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬಂದರು ರಸ್ತೆ:
ಸಂಜೆ ಅಂಗಡಿಗೆ ಹೋಗಿ ನೋಡಿ ಬಂದೆ. ಸಂಬಳದ ಲೆಡ್ಜರಿನ ಮೊತ್ತ 8,16,000. ನಮ್ಮಲ್ಲಿ ಕೆಲಸಕ್ಕಿರುವವರು ಮೂವರು, ತಲಾ 16,000. ಅವರದು ವರ್ಷಕ್ಕೆ 5,76,000 ಆಗುತ್ತದೆ. ಉಳಿದ 2,40,000 ಎಲ್ಲಿಂದ ಎಂದು ವೋಚರುಗಳನ್ನು ತೆರೆದರೆ, ಪ್ರತಿ ತಿಂಗಳ ಕೊನೆಗೂ ನಾಲ್ಕು ವೋಚರುಗಳಿವೆ. ಮೂರು 16,000ದವು, ನಾಲ್ಕನೆಯದು 20,000. ನಾಲ್ಕನೆಯದರ ವಿವರಣೆಯಲ್ಲಿ ಮಾವನ ಹೆಸರು ಇದೆ. ಬಿಲ್ಲು ಹಾಕುವ ಹುಡುಗನನ್ನು ಕೇಳಿದೆ. ಏಪ್ರಿಲ್‌ನಿಂದ ಮಾವನಿಗೂ ಸಂಬಳ ಎಂದು ಹೇಳಿದ್ದರು, ಸಂಬಳದ ಖಾತೆಗೇ ಹಾಕಿದೆ ಎಂದ.

ಮಾವನ ಬಂಡವಾಳ ಖಾತೆಯಲ್ಲಿ ಮಾರ್ಚ್ 31ಕ್ಕೆ ಸಂಬಳ 2,40,000 ಜಮಾ ಆಗಿದೆ. ಆ ಖಾತೆಯಲ್ಲಿ ಖರ್ಚಿನ ಕಡೆ ಇರುವುದು 60,000 ಡ್ರಾಯಿಂಗ್ಸ್ ಮತ್ತು ಅದರ ಬಡ್ಡಿ 1,200, ಅಷ್ಟೇ.

ಜಮಾ ಖರ್ಚು:
ಹಾಗಾದರೆ ಒಂದೇ ಸಂಬಳ ಎರಡು ಸಲ ಹೋಗಿದೆ. ತಿಂಗಳು ತಿಂಗಳು ಕೈಗೆ ಕೊಟ್ಟ 2,40,000 ಲಾಭ ನಷ್ಟ ಖಾತೆಯಲ್ಲೇ ಖರ್ಚಾಗಿ, 8,90,500 ಎಂಬ ಲಾಭ ಅದನ್ನು ಕಳೆದ ಮೇಲಿನ ಲಾಭವಾಗಿದೆ. ವರ್ಷಾಂತ್ಯದಲ್ಲಿ ಲೆಕ್ಕಿಗರು ಪೂರಕ ಪತ್ರವನ್ನು ಓದಿ, ಸಂಬಳ ಇನ್ನೂ ಕೊಟ್ಟಿಲ್ಲ ಎಂದುಕೊಂಡು ಹಂಚಿಕೆ ಖಾತೆಯಲ್ಲಿ ಮತ್ತೊಮ್ಮೆ ಕಳೆದು ಮಾವನವರಿಗೆ ಜಮಾ ಮಾಡಿದ್ದಾರೆ. ಸಂಬಳ ಮೊದಲ ಬಾರಿಗೆ ಬಂದ ವರ್ಷದಲ್ಲಿ ಇದು ಬಹಳ ಸಹಜವಾಗಿ ನುಸುಳುತ್ತದೆ. ಅಂಗಡಿಯವರಿಗೆ ತಿಂಗಳ ನಮೂದು ಗೊತ್ತು, ಲೆಕ್ಕಿಗರಿಗೆ ವರ್ಷದ ಪತ್ರ ಗೊತ್ತು, ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ಮಾವನವರನ್ನು ಸಂಶಯದಿಂದ ನೋಡಲು ಇದರಲ್ಲಿ ಏನೂ ಇಲ್ಲ ಎಂಬುದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಬ್ಯಾಲೆನ್ಸ್ ಶೀಟ್ ಏಕೆ ಇದನ್ನು ಹಿಡಿಯಲಿಲ್ಲ ಎಂದರೆ, ಹಂಚಿಕೆ ಖಾತೆಯಲ್ಲಿ ಆಗುವುದೆಲ್ಲ ಪಾಲುದಾರರ ನಡುವಿನ ವರ್ಗಾವಣೆ. ಲೆಕ್ಕಿಗರ ಹಂಚಿಕೆಯಲ್ಲಿ ಮೂವರಿಗೂ ನಿವ್ವಳ ಜಮಾ ಆದದ್ದನ್ನು ಕೂಡಿ ನೋಡಿ: ದೊಡ್ಡಪ್ಪನವರಿಗೆ 3,03,800, ತಂದೆಯವರಿಗೆ 2,25,180, ಮಾವನವರಿಗೆ 3,61,520. ಒಟ್ಟು 8,90,500. ಲಾಭ ಪೂರ್ತಿ ಹಂಚಿಹೋಗಿದೆ, ಹೊಣೆಗಾರಿಕೆಯ ಬದಿಯ ಮೊತ್ತ ಸರಿಯಾಗಿದೆ. ಯಾರಿಗೆ ಎಷ್ಟು ಎಂಬುದು ತಪ್ಪಿದ್ದರೂ ಶೀಟ್ ತಾಳೆಯಾಗಿಯೇ ಇರುತ್ತದೆ.

ಕುಂದಾಪುರದ ವ್ಯಾಪಾರಿ:
ಒಂದು ತಿದ್ದುಪಡಿ. ಪಾಲುದಾರನ ಸಂಬಳ ಖರ್ಚೇ ಅಲ್ಲ. ಲಾಭ ನಷ್ಟ ಖಾತೆಯಲ್ಲಿ ಹಾಕಿದ್ದೇ ತಪ್ಪು. ಮಾವ ತಿಂಗಳಿಗೆ ತೆಗೆದ 20,000 ಡ್ರಾಯಿಂಗ್ಸ್ ಎಂದೇ ಆಗಬೇಕು, ಅದಕ್ಕೂ ಶೇ. 6 ಬಡ್ಡಿ ಹಾಕಬೇಕು. ಐದೂವರೆ ತಿಂಗಳ ಲೆಕ್ಕದಲ್ಲಿ 6,600 ಆಗುತ್ತದೆ.

ಜಮಾ ಖರ್ಚು:
ಮೊದಲನೆಯ ಮಾತನ್ನು ಒಪ್ಪುತ್ತೇನೆ. ಪುಸ್ತಕದ ಕ್ರಮದಲ್ಲಿ ಅದರ ಜಾಗ ಹಂಚಿಕೆ ಖಾತೆ. ಬಡ್ಡಿಯ ಮಾತನ್ನು ಒಪ್ಪುವುದಿಲ್ಲ. ಆ ತಿಂಗಳ ದುಡಿಮೆಗೆ ಆ ತಿಂಗಳ ಕೊನೆಗೆ ಸಲ್ಲಬೇಕಾದ ಹಣವನ್ನು ಪಡೆದವರು ಸಂಸ್ಥೆಯ ಹಣ ಮುಂಗಡ ತೆಗೆದಂತಾಗುವುದಿಲ್ಲ. ಪೂರಕ ಪತ್ರದಲ್ಲಿ ‘ತಿಂಗಳಿಗೆ 20,000’ ಎಂದಿದೆ ಎಂದು ಇವರು ಆಗಲೇ ಹೇಳಿದ್ದಾರೆ. ‘ವರ್ಷಾಂತ್ಯದಲ್ಲಿ ಲಾಭದಿಂದ 2,40,000’ ಎಂದಿದ್ದರೆ ನಿಮ್ಮ 6,600ಕ್ಕೆ ಬಲ ಬರುತ್ತಿತ್ತು.

ಈಗ ಕ್ರಮವಾಗಿ ಮಾಡೋಣ. ಮಾವನವರ 2,40,000ವನ್ನು ಸಂಬಳದ ಖರ್ಚಿನಿಂದ ಹೊರತೆಗೆದರೆ ಲಾಭ 11,30,500 ಆಗುತ್ತದೆ. ಡ್ರಾಯಿಂಗ್ಸ್ ಬಡ್ಡಿ 13,500 ಸೇರಿದರೆ 11,44,000. ಬಂಡವಾಳದ ಬಡ್ಡಿ 3,04,000 ಮತ್ತು ಸಂಬಳ 2,40,000 ಕಳೆದರೆ ಹಂಚಲು ಉಳಿಯುವುದು 6,00,000. ಪಾಲು 3,00,000, 1,80,000, 1,20,000.

ಲೆಕ್ಕಿಗರು ಪುಸ್ತಕ ಮುಚ್ಚಿಲ್ಲವಾದರೆ ಹಂಚಿಕೆಯನ್ನೇ ಹೊಸದಾಗಿ ಬರೆಯಲಿ. ಮುಚ್ಚಿದ್ದರೆ ಎಲ್ಲವನ್ನೂ ಬಿಚ್ಚುವ ಅಗತ್ಯವಿಲ್ಲ, ಒಬ್ಬೊಬ್ಬರಿಗೆ ಬರಬೇಕಾದದ್ದು ಮತ್ತು ಬಂದದ್ದರ ವ್ಯತ್ಯಾಸ ತೆಗೆದು ಒಂದೇ ಜರ್ನಲ್ ನಮೂದಿನಲ್ಲಿ ಸರಿಪಡಿಸಬಹುದು. ಕೈಗೆ ಈಗಾಗಲೇ ಬಂದ ಸಂಬಳವನ್ನು ಬಿಟ್ಟು, ಬಂಡವಾಳ ಖಾತೆಗೆ ನಿವ್ವಳವಾಗಿ ಎಷ್ಟು ಜಮಾ ಆಗಬೇಕಿತ್ತು ಎಂದು ನೀವೇ ಲೆಕ್ಕ ಹಾಕಿ ಇಲ್ಲಿ ಹಾಕಿ.

ಬಂದರು ರಸ್ತೆ:
ಹಾಕಿದೆ ಸರ್, ನೋಡಿ.

ದೊಡ್ಡಪ್ಪ: ಬಡ್ಡಿ 1,44,000, ಪಾಲು 3,00,000, ಡ್ರಾಯಿಂಗ್ಸ್ ಬಡ್ಡಿ 9,000 ಕಳೆದು 4,35,000. ಬಂದದ್ದು 3,03,800. ಇನ್ನೂ ಬರಬೇಕಾದ್ದು 1,31,200.

ಅಪ್ಪ: ಬಡ್ಡಿ 1,12,000, ಪಾಲು 1,80,000, ಡ್ರಾಯಿಂಗ್ಸ್ ಬಡ್ಡಿ 3,300 ಕಳೆದು 2,88,700. ಬಂದದ್ದು 2,25,180. ಬರಬೇಕಾದ್ದು 63,520.

ಮಾವ: ಬಡ್ಡಿ 48,000, ಪಾಲು 1,20,000, ಡ್ರಾಯಿಂಗ್ಸ್ ಬಡ್ಡಿ 1,200 ಕಳೆದು 1,66,800. ಬಂದದ್ದು 3,61,520. ಹೆಚ್ಚು ಬಂದದ್ದು 1,94,720.

ಮೂವರಿಗೂ ಬರಬೇಕಾದ ಮೊತ್ತವನ್ನು ಕೂಡಿದರೆ ಮತ್ತೆ ಅದೇ 8,90,500.

ದೊಡ್ಡಪ್ಪನಿಗೇ ಹೆಚ್ಚು ಕೊರತೆಯಾಗಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ಅಪ್ಪನ ಬಡ್ಡಿಯನ್ನು ಮಾತ್ರ ನೋಡುತ್ತಿದ್ದೆ.

ಜಮಾ ಖರ್ಚು:
ಲೆಕ್ಕ ಸರಿಯಾಗಿದೆ. ನಮೂದು ಹೀಗೆ: ಮಾವನವರ ಬಂಡವಾಳ ಖಾತೆಗೆ 1,94,720 ಖರ್ಚು, ದೊಡ್ಡಪ್ಪನವರ ಖಾತೆಗೆ 1,31,200 ಮತ್ತು ತಂದೆಯವರ ಖಾತೆಗೆ 63,520 ಜಮಾ. ಮಾವನವರ ಖಾತೆಯ ವರ್ಷಾಂತ್ಯದ ಶಿಲ್ಕು 7,01,520ರಿಂದ 5,06,800ಕ್ಕೆ ಇಳಿಯಬೇಕು, ಇಳಿಯಿತೇ ಎಂದು ನೋಡಿಕೊಳ್ಳಿ. ನಗದು ಯಾರ ಕೈಯಿಂದಲೂ ಹೋಗುವುದಿಲ್ಲ. ಆದರೆ ಈಗ ಸರಿಪಡಿಸದಿದ್ದರೆ ಮುಂದಿನ ವರ್ಷದ ಬಡ್ಡಿ ಈ ತಪ್ಪು ಶಿಲ್ಕಿನ ಮೇಲೆ ಓಡತೊಡಗುತ್ತದೆ. 1,94,720ಕ್ಕೆ ಶೇ. 12 ಎಂದರೆ ವರ್ಷಕ್ಕೆ 23,366 ರೂಪಾಯಿ ಮಾವನವರ ಖಾತೆಗೆ ಹೆಚ್ಚಾಗಿ ಬೀಳುತ್ತದೆ.

ತೆರಿಗೆ ಕಡತ:
ನಾನು ಉಡುಪಿಯಲ್ಲಿ ತೆರಿಗೆ ರಿಟರ್ನ್‌ಗಳ ಕೆಲಸ ಮಾಡುತ್ತೇನೆ. ಒಂದು ವಿಷಯ ಬಿಟ್ಟುಹೋಗಿದೆ. 8,90,500 ಎಂಬುದು ಸಂಸ್ಥೆಯ ಆದಾಯ ತೆರಿಗೆ ಕಳೆಯುವ ಮುಂಚಿನದೇ, ಕಳೆದ ಮೇಲಿನದೇ? ರಿಟರ್ನ್ ಸಲ್ಲಿಸಿ ಆಯಿತೇ?

ಬಂದರು ರಸ್ತೆ:
ಮುಂಚಿನದು. ತೆರಿಗೆಯನ್ನು ಕಟ್ಟಿದ ಮೇಲೆ ಮೂವರ ಖಾತೆಗೂ 5:3:2ರಲ್ಲಿ ಖರ್ಚು ಹಾಕುವುದು ನಮ್ಮ ರೂಢಿ. ರಿಟರ್ನ್ ಇನ್ನೂ ಸಲ್ಲಿಸಿಲ್ಲ.

ತೆರಿಗೆ ಕಡತ:
ಸಲ್ಲಿಸದೆ ಇದ್ದದ್ದು ಒಳ್ಳೆಯದಾಯಿತು. ಪಾಲುದಾರರ ಬಡ್ಡಿ ಮತ್ತು ದುಡಿಯುವ ಪಾಲುದಾರನ ಸಂಬಳವನ್ನು ಸಂಸ್ಥೆ ತನ್ನ ಆದಾಯದಿಂದ ಕಳೆಯಬಹುದು, ಆದರೆ ಪತ್ರದಲ್ಲಿ ಬರೆದಷ್ಟು ಮಾತ್ರ. ಜೊತೆಗೆ 1961ರ ಆದಾಯ ತೆರಿಗೆ ಕಾಯಿದೆಯ 40(ಬಿ) ಕಲಮಿನ ಮಿತಿಯೂ ಇದೆ. ಬಡ್ಡಿಗೆ ಶೇ. 12 ಸರಳ ಬಡ್ಡಿಯ ಮಿತಿ, ನಿಮ್ಮದು ಸರಿಯಾಗಿ ಅಲ್ಲಿಗೇ ನಿಂತಿದೆ. ಸಂಬಳದ ಮಿತಿ ನೀವು ಕೊಡುವುದಕ್ಕಿಂತ ಬಹಳ ಮೇಲಿದೆ. ನಿಮ್ಮ ಈ 2024-25ರ ಲೆಕ್ಕದ ವರ್ಷದಿಂದ ಮೊದಲ 6 ಲಕ್ಷ ಪುಸ್ತಕ ಲಾಭಕ್ಕೆ 3 ಲಕ್ಷ ಅಥವಾ ಶೇ. 90, ಯಾವುದು ಹೆಚ್ಚೋ ಅದು, ಉಳಿದದ್ದಕ್ಕೆ ಶೇ. 60 ಎಂದಾಗಿದೆ.

ಮಿತಿ ಮೇಲಿದೆ ಎಂದು ಎರಡು ಸಲ ಕಳೆದ 4,80,000 ನಿಲ್ಲುವುದಿಲ್ಲ, ಏಕೆಂದರೆ ಪತ್ರ ಒಪ್ಪಿರುವುದು 2,40,000 ಮಾತ್ರ. ಹಳೆಯ ಹಂಚಿಕೆಯಲ್ಲಿ ತೆರಿಗೆಗೆ ಉಳಿಯುತ್ತಿದ್ದುದು 4,09,600, ಸರಿಯಾದದ್ದು 6 ಲಕ್ಷ. ಸಂಸ್ಥೆಗೆ ತೆರಿಗೆ ಶೇ. 30, ಅದರ ಮೇಲೆ ಶೇ. 4 ಸೆಸ್. 6 ಲಕ್ಷಕ್ಕೆ 1,87,200 ಆಗುತ್ತದೆ. ಬೇರೆ ಹೊಂದಾಣಿಕೆಗಳಿಲ್ಲದಿದ್ದರೆ ಹಳೆಯ ಲೆಕ್ಕದಲ್ಲಿ ಸುಮಾರು 59,400 ರೂಪಾಯಿ ಕಡಿಮೆ ತೆರಿಗೆ ಕಟ್ಟಿ, ಆಮೇಲೆ ಬಡ್ಡಿ ಸಮೇತ ತೆರಬೇಕಾಗುತ್ತಿತ್ತು. ಮಾವನವರೂ ತಮ್ಮ ರಿಟರ್ನ್‌ನಲ್ಲಿ ಸಂಬಳ ಮತ್ತು ಬಡ್ಡಿಯನ್ನು ಇದೇ ಅಂಕಿಗಳಿಗೆ ಹೊಂದಿಸಿ ತೋರಿಸಲಿ. ಲಾಭದ ಪಾಲಿಗೆ ಪಾಲುದಾರನ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ.

ಬಂದರು ರಸ್ತೆ:
ಮೂವರನ್ನೂ ಕೂರಿಸಿ ತೋರಿಸಿದೆ. ಸಂಬಳದ ವಿಷಯವನ್ನು ಮಾವ ಆ ಕ್ಷಣವೇ ಒಪ್ಪಿದರು. ತಮ್ಮ ಶಿಲ್ಕು ಏಕೆ ಅಷ್ಟು ಬೆಳೆದಿದೆ ಎಂದು ಅವರಿಗೂ ಅರ್ಥವಾಗಿರಲಿಲ್ಲವಂತೆ. ಲೆಕ್ಕಿಗರೂ ವೋಚರು ನೋಡಿ ಒಪ್ಪಿದರು.

ಬಡ್ಡಿಯ ವಿಷಯ ಮಾತ್ರ ಕಗ್ಗಂಟಾಗಿದೆ. ಪತ್ರದ ಮಾತು ‘ಪಾಲುದಾರರ ಖಾತೆಯಲ್ಲಿರುವ ಬಂಡವಾಳದ ಮೇಲೆ ಶೇ. 12’ ಎಂದಿದೆ. ಖಾತೆಯಲ್ಲಿರುವ ಎಂದರೆ ವರ್ಷಾಂತ್ಯದಲ್ಲಿ ಇರುವ ಶಿಲ್ಕು ಎಂದು ಲೆಕ್ಕಿಗರ ವಾದ. ದೊಡ್ಡಪ್ಪ ಒಪ್ಪುತ್ತಿಲ್ಲ.

ಜಮಾ ಖರ್ಚು:
ಹಿಂದಿನ ವರ್ಷಗಳ ಹಂಚಿಕೆ ಖಾತೆಗಳಿವೆಯೇ? ಅವುಗಳ ಬಡ್ಡಿಯನ್ನೂ ಹಿಂದಕ್ಕೆ ಭಾಗಿಸಿ ನೋಡಿ. ಮಾತು ಅಸ್ಪಷ್ಟವಾಗಿರುವಾಗ ಪಾಲುದಾರರು ಇಷ್ಟು ಕಾಲ ಹೇಗೆ ನಡೆದುಕೊಂಡರು ಎಂಬುದಕ್ಕೆ ಬೆಲೆಯಿದೆ.

ಬಂದರು ರಸ್ತೆ:
ನೋಡಿದೆ. ಇದಕ್ಕೆ ಹಿಂದಿನ ಎರಡು ವರ್ಷ ಆರಂಭದ ಶಿಲ್ಕಿನ ಮೇಲೆಯೇ ಹಾಕಿದ್ದಾರೆ. ಆಗ ಬೇರೆ ಲೆಕ್ಕಿಗರು ಇದ್ದರು. ಆದರೆ ಆ ವರ್ಷಗಳಲ್ಲಿ ಯಾರೂ ನಡುವೆ ದೊಡ್ಡ ಮೊತ್ತ ಹಾಕಿಯೂ ಇಲ್ಲ, ತೆಗೆದೂ ಇಲ್ಲ.

ಕುಂದಾಪುರದ ವ್ಯಾಪಾರಿ:
ಹಾಗಾದರೆ ರೂಢಿ ಎನ್ನುವುದು ಅಪ್ಪನ 2 ಲಕ್ಷಕ್ಕೆ ಸಾಕ್ಷಿಯಾಗುವುದಿಲ್ಲ. ದಿನದ ಶಿಲ್ಕಿನ ಮೇಲೆ ಹಾಕಿ, ಡ್ರಾಯಿಂಗ್ಸ್ ಬಡ್ಡಿ ಬಿಟ್ಟುಬಿಡಿ ಎಂದು ನಾನು ಈಗಲೂ ಹೇಳುತ್ತೇನೆ. ದೊಡ್ಡಪ್ಪನವರಿಗೆ 1,26,000 ಬರುತ್ತದೆ. ಯಾರಿಗೂ ಅನ್ಯಾಯವಿಲ್ಲ.

ಜಮಾ ಖರ್ಚು:
ಡ್ರಾಯಿಂಗ್ಸ್‌ಗೆ ಶೇ. 6 ಎಂದು ಪತ್ರದಲ್ಲಿ ಬರೆದಿರುವಾಗ ಅದನ್ನು ಬಿಟ್ಟುಬಿಡಲು ಲೆಕ್ಕಿಗರಿಗಾಗಲಿ ನಮಗಾಗಲಿ ಅಧಿಕಾರವಿಲ್ಲ. ಮೂವರೂ ಒಪ್ಪಿ ಪತ್ರ ತಿದ್ದಿದರೆ ಮುಂದಕ್ಕೆ ಹಾಗೆ ಮಾಡಬಹುದು, ಮುಗಿದ ವರ್ಷಕ್ಕಲ್ಲ. ಈ ವರ್ಷಕ್ಕೆ ನನ್ನ ಓದು 3,04,000 ಎಂದೇ. ಲೆಕ್ಕಿಗರು ಒಪ್ಪದಿದ್ದರೆ ಪತ್ರವನ್ನು ಬರೆದ ವಕೀಲರ ಬಳಿ ಮೂವರೂ ಒಟ್ಟಿಗೆ ಹೋಗಿ ಕೇಳಲಿ.

ಮುಂದಿನ ಪೂರಕ ಪತ್ರದಲ್ಲಿ ಹೀಗೆ ಬರೆಸಿ: ಬಡ್ಡಿ ಏಪ್ರಿಲ್ 1ರ ಶಿಲ್ಕಿನ ಮೇಲೆ, ನಡುವೆ ಹಾಕಿದ ಬಂಡವಾಳಕ್ಕೆ ಹಾಕಿದ ದಿನದಿಂದ, ಡ್ರಾಯಿಂಗ್ಸ್ ಅನ್ನು ಅಸಲಿನಿಂದ ಕಳೆಯತಕ್ಕದ್ದಲ್ಲ. ಸಂಬಳ ತಿಂಗಳ ಕೊನೆಗೆ ಸಲ್ಲುವುದೇ, ಲಾಭ ಸಾಲದ ವರ್ಷದಲ್ಲೂ ಸಲ್ಲುವುದೇ ಎಂಬುದನ್ನೂ ಬರೆಸಿ.

ವಾಣಿಜ್ಯ ವಿಭಾಗ:
ಲಾಭ ಸಾಲದಿದ್ದರೆ ಬಡ್ಡಿಯನ್ನು ಬಡ್ಡಿಯ ಪ್ರಮಾಣದಲ್ಲೇ ಹಂಚಬೇಕು ಎಂದು ಓದಿದ್ದೇನೆ. ಸಂಬಳವೂ ಇದ್ದರೆ ಎರಡನ್ನೂ ಸೇರಿಸಿ ಆ ಪ್ರಮಾಣವೇ, ಸಂಬಳಕ್ಕೆ ಮೊದಲ ಹಕ್ಕೇ?

ಜಮಾ ಖರ್ಚು:
ಪತ್ರ ಸುಮ್ಮನಿದ್ದರೆ ಎರಡನ್ನೂ ಸೇರಿಸಿ ಪ್ರಮಾಣ ತೆಗೆಯುವುದು ಪಾಠದ ಕ್ರಮ. ವ್ಯವಹಾರದಲ್ಲಿ ದುಡಿಯುವವರು ಇದಕ್ಕೆ ಒಪ್ಪುವುದು ಕಷ್ಟ, ಅದಕ್ಕೇ ಬರೆಸಿ ಎಂದೆ.

ಬಂದರು ರಸ್ತೆ:
ವಕೀಲರನ್ನು ಮುಂದಿನ ವಾರ ನೋಡುತ್ತೇವೆ. ಸಂಬಳದ 2,40,000ವನ್ನು ಲೆಕ್ಕಿಗರು ಹೊಸದಾಗಿ ಬರೆಯುತ್ತಿದ್ದಾರೆ. ಏಪ್ರಿಲ್‌ನಿಂದ ಈವರೆಗೂ ಮಾವನ 20,000 ಸಂಬಳದ ಲೆಡ್ಜರಿಗೇ ಹೋಗುತ್ತಿದೆ. ಅದನ್ನು ಈಗಲೇ ಬದಲಿಸಬೇಕೇ?

ತೆರಿಗೆ ಕಡತ:
ಇಂದೇ ಬದಲಿಸಿ. ‘ಪಾಲುದಾರರ ಸಂಬಳ’ ಎಂದು ಬೇರೆ ಲೆಡ್ಜರ್ ತೆರೆದು ಏಪ್ರಿಲ್‌ನಿಂದ ಹಾಕಿದ ನಮೂದುಗಳನ್ನು ಅಲ್ಲಿಗೆ ಸಾಗಿಸಿ. 2025ರ ಏಪ್ರಿಲ್ 1ರಿಂದ ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಸೇರಿ ವರ್ಷಕ್ಕೆ 20,000 ಮೀರಿದರೆ ಸಂಸ್ಥೆ ಶೇ. 10 ತೆರಿಗೆ ಮುರಿದು ಕಟ್ಟಬೇಕು, 1961ರ ಕಾಯಿದೆಯ 194ಟಿ ಕಲಮು. ಬಂಡವಾಳ ಖಾತೆಗೆ ಬರೇ ಜಮಾ ಮಾಡಿದರೂ ಅದು ಅನ್ವಯಿಸುತ್ತದೆ. ಡ್ರಾಯಿಂಗ್ಸ್‌ಗೆ ಮತ್ತು ಲಾಭದ ಪಾಲಿಗೆ ಅನ್ವಯಿಸುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಬಳದಿಂದ ಮುರಿದಿದ್ದೀರಾ?

ಬಂದರು ರಸ್ತೆ:
ಮುರಿದಿಲ್ಲ. ಪೂರ್ತಿ 20,000 ಕೊಟ್ಟಿದ್ದೇವೆ.

ತೆರಿಗೆ ಕಡತ:
ಹಾಗಿದ್ದರೆ ಮೇ ಕೊನೆಗೆ ಒಟ್ಟು 40,000 ಆಯಿತು, 4,000 ಬಾಕಿ. ತಡವಾದ ತಿಂಗಳುಗಳ ಬಡ್ಡಿ ಸೇರಿಸಿ ಈಗಲೇ ಕಟ್ಟಿ, ಜೂನ್ ಸಂಬಳ ಕೊಡುವಾಗ ಮಾವನವರಿಂದ ಹೊಂದಿಸಿಕೊಳ್ಳಿ. ಹೀಗೆ ಮುರಿದ ತೆರಿಗೆ ಕಟ್ಟಲು ಬೇಕಾದ ಟ್ಯಾನ್ ಸಂಖ್ಯೆ ಸಂಸ್ಥೆಗೆ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಅದರ ಅರ್ಜಿಯಿಂದಲೇ ಶುರುಮಾಡಬೇಕು.